ಅಪ್ಪನ ಮಾತ್ರೆ ದೊಡ್ಡಮ್ಮನಿಗೆ ಏಕೆ ಬೇಡ: ರಕ್ತದ ಸ್ನಿಗ್ಧತೆಯ ಲೆಕ್ಕ

ಪ್ರಶ್ನೆ: ನಾವು ಶಿಡ್ಲಘಟ್ಟದವರು. ಅಪ್ಪನಿಗೆ 54 ವರ್ಷ, ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ, ಬೀಡಿ ಸೇದುತ್ತಾರೆ. ತಲೆನೋವು, ಬೆರಳ ತುದಿಯಲ್ಲಿ ಉರಿ, ಬಿಸಿನೀರಿನ ಸ್ನಾನವಾದ ಮೇಲೆ ಮೈತುರಿಕೆ ಇದೆಯೆಂದು ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 18.9, ಹೆಮಟೊಕ್ರಿಟ್ 57, ಬಿಳಿ ರಕ್ತಕಣ 13,400, ಪ್ಲೇಟ್‌ಲೆಟ್ 5.8 ಲಕ್ಷ ಬಂತು. ರಕ್ತ ದಪ್ಪವಾಗಿದೆ ಎಂದು ಆಸ್ಪಿರಿನ್ ಕೊಟ್ಟರು. ಎರಡು ತಿಂಗಳಾದರೂ ಹೆಮಟೊಕ್ರಿಟ್ 56ರಲ್ಲೇ ಇದೆ. ಮನೆಯಲ್ಲಿರುವ 68 ವರ್ಷದ ದೊಡ್ಡಮ್ಮನಿಗೆ ಹಿಮೋಗ್ಲೋಬಿನ್ 8.2, ಇಎಸ್‌ಆರ್ 135, ಆಗಾಗ ಮೂಗಿನಿಂದ ರಕ್ತ ಬರುತ್ತದೆ, ಕಣ್ಣು ಮಂಜಾಗಿದೆ. ರಕ್ತ ಹಾಕಿಸೋಣವೆಂದು ಕರೆದುಕೊಂಡು ಹೋದರೆ "ಇವರ ರಕ್ತ ದಪ್ಪವಾಗಿದೆ, ಈಗಲೇ ಹಾಕುವುದು ಬೇಡ" ಎಂದು ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. ರಕ್ತವೇ ಕಡಿಮೆ ಇರುವವರಿಗೆ ಅದು ದಪ್ಪವಾಗುವುದು ಹೇಗೆ? ಅಪ್ಪನ ಮಾತ್ರೆಯನ್ನೇ ಅವರಿಗೂ ಕೊಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ದೊಡ್ಡಮ್ಮನವರಿಗೆ ಆಸ್ಪಿರಿನ್ ಕೊಡಬೇಡಿ, ಮತ್ತು ಬೆಂಗಳೂರಿಗೆ ಬರೆದುಕೊಟ್ಟಿರುವ ಚೀಟಿಯನ್ನು ಹಿಡಿದು ಇಂದೋ ನಾಳೆಯೋ ಹೊರಡಿ. ಮೂಗಿನ ರಕ್ತಸ್ರಾವ ಮತ್ತು ಮಂಜಾದ ದೃಷ್ಟಿ ಒಟ್ಟಿಗೆ ಇರುವಾಗ ಒಂದು ವಾರ ನೋಡೋಣ ಎನ್ನುವುದು ಸರಿಯಲ್ಲ. ಅವರಿಗೆ ರಕ್ತ ಹಾಕದೆ ಕಳಿಸಿದ ವೈದ್ಯರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ರಕ್ತ ಸುಲಭವಾಗಿ ಹರಿಯುತ್ತದೆಯೇ, ಕಷ್ಟಪಟ್ಟು ಹರಿಯುತ್ತದೆಯೇ ಎಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ: ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಇವೆ, ಅವು ತೇಲುವ ಪ್ಲಾಸ್ಮಾದಲ್ಲಿ ಏನೇನು ಕರಗಿದೆ, ಮತ್ತು ಒಂದೊಂದು ಕಣ ಎಷ್ಟು ಸಲೀಸಾಗಿ ಬಾಗಬಲ್ಲದು. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಎಂಬುದೇ ಹೆಮಟೊಕ್ರಿಟ್. ನಿಮ್ಮ ತಂದೆಯವರಲ್ಲಿ ಕೆಟ್ಟಿರುವುದು ಮೊದಲನೆಯದು, ದೊಡ್ಡಮ್ಮನವರಲ್ಲಿ ಬಹುಪಾಲು ಖಚಿತವಾಗಿ ಎರಡನೆಯದು. ಇದನ್ನು ಕಣ್ಣಿನಿಂದಲೇ ನೋಡಬಹುದು. ಸುಮಾರು ಒಂದು ಮಿಲಿಮೀಟರಿನ ಸಣ್ಣ ರಂಧ್ರವಿರುವ ಗಾಜಿನ ನಳಿಕೆಯಲ್ಲಿ ರಕ್ತ ತುಂಬಿ, ವೇಗವಾಗಿ ಸುತ್ತುವ ಯಂತ್ರದಲ್ಲಿ ಐದು ನಿಮಿಷ ತಿರುಗಿಸಿದರೆ ಕೆಂಪು ಕಣಗಳು ಒಂದು ತುದಿಗೆ ಒತ್ತಿಕೊಂಡು ಪ್ಲಾಸ್ಮಾ ಇನ್ನೊಂದು ಕಡೆ ನಿಲ್ಲುತ್ತದೆ. ನಳಿಕೆಯಲ್ಲಿ 60 ಮಿಲಿಮೀಟರ್ ಉದ್ದದ ರಕ್ತವಿದ್ದರೆ, ನಿಮ್ಮ ತಂದೆಯವರದರಲ್ಲಿ ಸುಮಾರು 34 ಮಿಲಿಮೀಟರ್ ಗಾಢ ಕೆಂಪು, 26 ಮಿಲಿಮೀಟರ್ ತಿಳಿಹಳದಿ ಕಾಣುತ್ತದೆ. ದೊಡ್ಡಮ್ಮನವರ ಹಿಮೋಗ್ಲೋಬಿನ್ ಪ್ರಕಾರ ಅವರ ಹೆಮಟೊಕ್ರಿಟ್ 25ರ ಆಸುಪಾಸಿನಲ್ಲಿರಬೇಕು. ಅಂದರೆ ಕೆಂಪು ಬರೀ 15 ಮಿಲಿಮೀಟರ್, ಉಳಿದ 45 ಮಿಲಿಮೀಟರ್ ಪ್ಲಾಸ್ಮಾ. ಅವರ ತೊಂದರೆ ಇರುವುದು ಆ 45 ಮಿಲಿಮೀಟರಿನಲ್ಲಿ.

ತಂದೆಯವರ ವಿಷಯವನ್ನು ಮೊದಲು ನೋಡೋಣ. ಗಂಡಸರಲ್ಲಿ ಹೆಮಟೊಕ್ರಿಟ್ ಸಾಮಾನ್ಯವಾಗಿ 40ರಿಂದ 50ರೊಳಗೆ ಇರುತ್ತದೆ. 45ರಲ್ಲಿ ರಕ್ತದ ಸ್ನಿಗ್ಧತೆ, ಅಂದರೆ ಹರಿಯುವಾಗ ಅದು ಒಡ್ಡುವ ಪ್ರತಿರೋಧ, ನೀರಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಕಣಗಳ ಪಾಲು ಹೆಚ್ಚಿದಂತೆ ಇದು ಒಂದೇ ಸಮನೆ ಏರುವುದಿಲ್ಲ. 50 ದಾಟಿದ ಮೇಲೆ ಏರಿಕೆ ಕಡಿದಾಗುತ್ತದೆ, 60ರ ಹತ್ತಿರ ಬರುವಷ್ಟರಲ್ಲಿ ಸ್ನಿಗ್ಧತೆ ಸಾಮಾನ್ಯಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯತ್ತ ಸಾಗಿರುತ್ತದೆ. ಕಣಗಳು ಹೆಚ್ಚಿದರೆ ಆಮ್ಲಜನಕ ಹೆಚ್ಚು ಸಿಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಒಂದು ಲೋಟ ರಕ್ತದಲ್ಲಿ ಆಮ್ಲಜನಕ ಹೆಚ್ಚಿರುವುದು ನಿಜ, ಆದರೆ ನಿಮಿಷಕ್ಕೆ ಎಷ್ಟು ಲೋಟ ಮಿದುಳನ್ನು ತಲುಪುತ್ತದೆ ಎಂಬುದು ಕಡಿಮೆಯಾದರೆ ಆ ಲಾಭ ಉಳಿಯುವುದಿಲ್ಲ. ತಲೆನೋವು, ತಲೆ ಭಾರ, ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ ಬರುವುದು ಈ ನಿಧಾನಗತಿಯಿಂದಲೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಅತಿ ಕಿರಿದಾದ ನಾಳದಲ್ಲಿ ರಕ್ತ ಅತಿ ಹೆಚ್ಚು ಕಷ್ಟಪಡುತ್ತದೆ ಎಂದು ನಾವು ಸಹಜವಾಗಿ ಊಹಿಸುತ್ತೇವೆ. 1931ರಲ್ಲಿ ಸ್ವೀಡನ್ನಿನ ರಾಬಿನ್ ಫೋರಿಯಸ್ ಮತ್ತು ಟಾರ್ಸ್ಟನ್ ಲಿಂಡ್‌ಕ್ವಿಸ್ಟ್ ಕಂಡುಕೊಂಡದ್ದು ಇದಕ್ಕೆ ವಿರುದ್ಧವಾಗಿತ್ತು. ನಳಿಕೆಯ ವ್ಯಾಸ ಸುಮಾರು 0.3 ಮಿಲಿಮೀಟರಿಗಿಂತ ಕಡಿಮೆಯಾಗುತ್ತಾ ಹೋದಂತೆ ರಕ್ತ ತೋರುವ ಸ್ನಿಗ್ಧತೆ ಇಳಿಯುತ್ತದೆ. ಹರಿಯುವಾಗ ಕೆಂಪು ಕಣಗಳು ನಾಳದ ನಡುವಿಗೆ ಸರಿಯುತ್ತವೆ, ಗೋಡೆಯ ಪಕ್ಕದಲ್ಲಿ ಬರೀ ಪ್ಲಾಸ್ಮಾದ ತೆಳುಪದರ ಉಳಿದು ಜಾರಿಕೆ ಒದಗಿಸುತ್ತದೆ. ವ್ಯಾಸ 6-7 ಮೈಕ್ರಾನ್‌ಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಆರೇಳು ಭಾಗಕ್ಕೆ ಬಂದಾಗ, ಕಣಗಳು ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ ಮತ್ತು ರಕ್ತ ಹೆಚ್ಚುಕಡಿಮೆ ಪ್ಲಾಸ್ಮಾದಷ್ಟೇ ಸಲೀಸಾಗಿ ಹರಿಯುತ್ತದೆ. ಅದಕ್ಕಿಂತಲೂ ಕಿರಿದಾದರೆ ಮಾತ್ರ ಪ್ರತಿರೋಧ ಥಟ್ಟನೆ ಏರುತ್ತದೆ.

ಈ ಅನುಕೂಲ ಪೂರ್ತಿಯಾಗಿ ನಿಂತಿರುವುದು ಕಣದ ಮೆತುತನದ ಮೇಲೆ. ಕೆಂಪು ಕಣದ ಅಡ್ಡಳತೆ ಸುಮಾರು 8 ಮೈಕ್ರಾನ್. ಅದು ನುಸುಳಬೇಕಾದ ಲೋಮನಾಳ ಕೆಲವೆಡೆ 5 ಮೈಕ್ರಾನ್ ಮಾತ್ರ, ಗುಲ್ಮದಲ್ಲಿರುವ ಸೀಳುಗಳಂತೂ ಒಂದು ಮೈಕ್ರಾನ್ ಆಸುಪಾಸು. ಕಣದೊಳಗೆ ತುಂಬಿರುವ ದ್ರವವನ್ನು ಗೋಲವಾಗಿ ಕಟ್ಟಲು ಎಷ್ಟು ಹೊದಿಕೆ ಸಾಕೋ ಅದಕ್ಕಿಂತ ನೂರಕ್ಕೆ ಸುಮಾರು 40 ಪಾಲು ಹೆಚ್ಚು ಹೊದಿಕೆ ಕಣಕ್ಕಿದೆ, ಆದ್ದರಿಂದ ಅದು ಒಡೆಯದೆ ಮಡಚಿಕೊಳ್ಳಬಲ್ಲದು. ಈ ಗುಣ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕುಡಗೋಲು ಕಣ ರೋಗ ಸ್ಪಷ್ಟ ಉದಾಹರಣೆ. ಅಲ್ಲಿ ಹೆಮಟೊಕ್ರಿಟ್ 24-25 ಇದ್ದರೂ, ಆಮ್ಲಜನಕ ಬಿಟ್ಟ ಕೂಡಲೇ ಕಣ ಬಿರುಸಾಗಿ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ನಿಮ್ಮ ಮನೆಯ ಇಬ್ಬರಲ್ಲೂ ಅಂಥ ಸೂಚನೆಯಿಲ್ಲದ ಕಾರಣ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಾಗಾದರೆ ನಿಮ್ಮ ತಂದೆಯವರಲ್ಲಿ ತೊಂದರೆ ಎಲ್ಲಿ ಹುಟ್ಟುತ್ತದೆ? ಲೋಮನಾಳ ದಾಟಿ ರಕ್ತ ಮರಳುವ ಸಣ್ಣ ಅಭಿಧಮನಿಗಳಲ್ಲಿ, ಏಕೆಂದರೆ ಅಲ್ಲಿ ಹರಿವು ತುಂಬ ನಿಧಾನ. ರಾಗಿ ಅಂಬಲಿಯನ್ನು ಕದಡುತ್ತಿರುವವರೆಗೆ ಅದು ನೀರಾಗಿ ಹರಿಯುತ್ತದೆ, ಬಿಟ್ಟು ಕೂತರೆ ಗಟ್ಟಿಯಾಗುತ್ತದೆ. ರಕ್ತದ ಸ್ವಭಾವವೂ ಅದೇ. ವೇಗವಾಗಿ ಹರಿಯುವಾಗ ಕಣಗಳು ಬಿಡಿಬಿಡಿಯಾಗಿ, ಹರಿವಿನ ದಿಕ್ಕಿಗೆ ಉದ್ದವಾಗಿ ಸಾಗುತ್ತವೆ. ನಿಧಾನವಾದಾಗ ಪ್ಲಾಸ್ಮಾದಲ್ಲಿರುವ ಫೈಬ್ರಿನೋಜನ್‌ನಂಥ ದೊಡ್ಡ ಪ್ರೋಟೀನುಗಳ ಪ್ರಭಾವದಿಂದ ಮುಖಕ್ಕೆ ಮುಖ ತಾಗಿಸಿ ಸಾಲುಗಟ್ಟುತ್ತವೆ. ಇದರ ಜೊತೆಗೆ ಇನ್ನೊಂದು ಕೇಡೂ ಇದೆ: ನಡುವಿಗೆ ನುಗ್ಗುವ ಕೆಂಪು ಕಣಗಳು ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆ ತಳ್ಳುತ್ತವೆ. ಕೆಂಪು ಕಣ ಹೆಚ್ಚಿದಷ್ಟೂ ಈ ತಳ್ಳಾಟ ಹೆಚ್ಚು, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟಿ ಹೆಪ್ಪುಗಟ್ಟುವ ಸಂಭವವೂ ಹೆಚ್ಚು.

ಆಸ್ಪಿರಿನ್ ಕೆಲಸ ಮಾಡುವುದು ಈ ಕೊನೆಯ ಹಂತದಲ್ಲಿ ಮಾತ್ರ. ಅದು ಪ್ಲೇಟ್‌ಲೆಟ್‌ಗಳು ಪರಸ್ಪರ ಅಂಟಿಕೊಳ್ಳದಂತೆ ತಡೆಯುತ್ತದೆ. ಒಂದು ಕೆಂಪು ಕಣವನ್ನೂ ಕಡಿಮೆ ಮಾಡುವುದಿಲ್ಲ, ಪ್ಲಾಸ್ಮಾವನ್ನು ಮುಟ್ಟುವುದಿಲ್ಲ. ಹಾಗಾಗಿ 57 ಇದ್ದದ್ದು 56ರಲ್ಲೇ ನಿಂತಿರುವುದು ಮಾತ್ರೆಯ ಸೋಲಲ್ಲ. ಆ ಒಂದಂಶದ ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಸಹಜವಾಗಿ ಬರುವಂಥದ್ದು. ಬೆರಳ ತುದಿಯ ಉರಿ ಆಸ್ಪಿರಿನ್‌ನಿಂದ ತಗ್ಗಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಆ ಉರಿ ಬರುವುದು ಸಣ್ಣ ನಾಳಗಳಲ್ಲಿ ಪ್ಲೇಟ್‌ಲೆಟ್ ಅಂಟುವುದರಿಂದ. ಬೆಳ್ಳುಳ್ಳಿ, ಶುಂಠಿ ತಿಂದರೂ ಹೆಮಟೊಕ್ರಿಟ್ ಇಳಿಯುವುದಿಲ್ಲ. ನೀರು ಕುಡಿಯುವುದರಿಂದ ಉಪಯೋಗವಿರುವುದು ಮೈಯಲ್ಲಿ ನೀರು ಕಡಿಮೆಯಾಗಿ ಪ್ಲಾಸ್ಮಾ ಬತ್ತಿದ್ದಾಗ. ಕುದಿಯುವ ಗೂಡಿನ ಬಾಣಲೆಯ ಮುಂದೆ ದಿನವಿಡೀ ಬೆವರಿ ಸಂಜೆ ರಕ್ತ ಕೊಟ್ಟರೆ, ಅಥವಾ ತೋಳಿಗೆ ಕಟ್ಟಿದ ಪಟ್ಟಿಯನ್ನು ನಿಮಿಷಗಟ್ಟಲೆ ಬಿಡದೆ ರಕ್ತ ತೆಗೆದರೆ, ಹೆಮಟೊಕ್ರಿಟ್ ಒಂದೆರಡು ಅಂಶ ಮೇಲೆ ತೋರಬಹುದು. ಎರಡು ತಿಂಗಳ ಅಂತರದಲ್ಲಿ ಎರಡು ಬಾರಿ 56-57 ಬರಲು ಅದು ಕಾರಣವಾಗಲಾರದು.

ಬೀಡಿಯನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಕೊರತೆಯಾಯಿತೆಂದು ದೇಹ ಕೆಂಪು ಕಣ ಹೆಚ್ಚಿಸುತ್ತದೆ. ಎತ್ತರದ ಊರಿನಲ್ಲಿ ವಾಸ ಇನ್ನೊಂದು ಕಾರಣ, ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಎತ್ತರ ಅದಕ್ಕೆ ಸಾಲದು. 1,478 ಮೀಟರಿನ ನಂದಿಬೆಟ್ಟದ ಮೇಲೆ ಮನೆ ಮಾಡಿದರೂ 57 ಬರುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ: ಬೀಡಿಯಿಂದ ಕೆಂಪು ಕಣ ಹೆಚ್ಚಬಹುದು, ಬಿಳಿ ಕಣವೂ ಸ್ವಲ್ಪ ಏರಬಹುದು, ಆದರೆ ಪ್ಲೇಟ್‌ಲೆಟ್ 5.8 ಲಕ್ಷ ಮತ್ತು ಬಿಸಿನೀರಿನ ಸ್ನಾನದ ನಂತರದ ತುರಿಕೆ ಜೊತೆಗೂಡಿದಾಗ ಅಸ್ಥಿಮಜ್ಜೆಯೇ ಅಂಕೆ ಮೀರಿ ಕಣಗಳನ್ನು ತಯಾರಿಸುವ ಪಾಲಿಸೈಥೀಮಿಯಾ ವೇರಾ ಎಂಬ ಕಾಯಿಲೆಯನ್ನು ಮೊದಲು ಸಂದೇಹಿಸಬೇಕು. ಜಾಕ್-2 ಎಂಬ ಜೀನಿನ ಬದಲಾವಣೆಯನ್ನು ರಕ್ತದಲ್ಲೇ ಪತ್ತೆ ಮಾಡಬಹುದು. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಅದು ಇರುತ್ತದೆ. ಜೊತೆಗೆ, ಕೆಂಪು ಕಣ ತಯಾರಿಸುವಂತೆ ಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನಿನ ಮಟ್ಟವನ್ನು ನೋಡಿಸಿ. ಅದು ಕಡಿಮೆಯಿದ್ದರೆ ಮಜ್ಜೆ ಕೇಳದೆಯೇ ಕೆಲಸ ಮಾಡುತ್ತಿದೆ ಎಂದು ಅರ್ಥ, ಹೆಚ್ಚಿದ್ದರೆ ಆಮ್ಲಜನಕದ ಕೊರತೆಯ ಕಡೆ, ಅಂದರೆ ಶ್ವಾಸಕೋಶ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ, ಬೀಡಿ ಇವುಗಳ ಕಡೆ ನೋಡಬೇಕು. ಬೆರಳಿಗೆ ಸಿಕ್ಕಿಸುವ ಸಾಧನ ಕಾರ್ಬನ್ ಮೊನಾಕ್ಸೈಡನ್ನು ಆಮ್ಲಜನಕವೆಂದೇ ಓದುವುದರಿಂದ, ಸೇದುವವರಲ್ಲಿ ಅದು 98 ತೋರಿಸಿತೆಂದು ನೆಮ್ಮದಿಪಡುವಂತಿಲ್ಲ.

ಕಾಯಿಲೆ ಖಚಿತವಾದರೆ ಚಿಕಿತ್ಸೆಯ ಮೊದಲ ಹೆಜ್ಜೆ ರಕ್ತವನ್ನು ಹೊರತೆಗೆಯುವುದು. ಲೆಕ್ಕ ಹೀಗಿದೆ. 70 ಕಿಲೋ ತೂಕದವರಲ್ಲಿ ಸುಮಾರು 5 ಲೀಟರ್ ರಕ್ತವಿದೆ ಎನ್ನಿ. 57 ಪಾಲಿನಂತೆ ಕಣಗಳು 2,850 ಮಿಲಿ. ಒಮ್ಮೆ 350 ಮಿಲಿ ರಕ್ತ ತೆಗೆದರೆ 200 ಮಿಲಿ ಕಣ ಹೋಗುತ್ತದೆ. ಕಳೆದ ಪ್ಲಾಸ್ಮಾವನ್ನು ದೇಹ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕಣಗಳನ್ನು ಅಷ್ಟು ಬೇಗ ತುಂಬಿಕೊಳ್ಳಲಾರದು. ಆಗ ಹೆಮಟೊಕ್ರಿಟ್ 53. ಎರಡನೆಯ ಬಾರಿಗೆ 49, ಮೂರನೆಯ ಬಾರಿಗೆ 46, ನಾಲ್ಕನೆಯದಕ್ಕೆ 43ರ ಹತ್ತಿರ. ಈ ಕಾಯಿಲೆಯಲ್ಲಿ ಒಟ್ಟು ರಕ್ತದ ಪ್ರಮಾಣವೇ ಹೆಚ್ಚಿರುತ್ತದೆ, ಮಜ್ಜೆಯೂ ಸುಮ್ಮನಿರುವುದಿಲ್ಲ, ಆದ್ದರಿಂದ ನಿಜದಲ್ಲಿ ಇನ್ನೊಂದೆರಡು ಬಾರಿ ಹೆಚ್ಚು ಬೇಕಾಗಬಹುದು. ವಾರಕ್ಕೊಮ್ಮೆಯಂತೆ ತೆಗೆಯಬೇಕಾದ್ದರಿಂದ ರಕ್ತದಾನ ಶಿಬಿರಕ್ಕೆ ಹೋಗಿ ಬಂದರೆ ಸಾಕೆಂದು ಭಾವಿಸಬೇಡಿ. ಶಿಬಿರದಲ್ಲಿ ಗಂಡಸರು ಎರಡು ದಾನಗಳ ನಡುವೆ 90 ದಿನ ಬಿಡಬೇಕು, ಮೇಲಾಗಿ ಈ ಕಾಯಿಲೆಯವರ ರಕ್ತವನ್ನು ಇನ್ನೊಬ್ಬರಿಗೆ ಹಾಕುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿ ತೆಗೆಯುವಾಗ ತಲೆಸುತ್ತು, ರಕ್ತದೊತ್ತಡ ಇಳಿಯುವುದು ಸಾಮಾನ್ಯ ಅಪಾಯಗಳು. ವಯಸ್ಸಾದವರಿಗೂ ಹೃದ್ರೋಗಿಗಳಿಗೂ 200-250 ಮಿಲಿ ಮಾತ್ರ ತೆಗೆದು ಜೊತೆಯಲ್ಲೇ ಸಲೈನ್ ಕೊಡುತ್ತೇವೆ.

ಗುರಿ 45ಕ್ಕಿಂತ ಕೆಳಗೆ. ಇಟಲಿಯಲ್ಲಿ 365 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಮಟೊಕ್ರಿಟ್ಟನ್ನು 45ಕ್ಕಿಂತ ಕೆಳಗಿಟ್ಟವರಲ್ಲಿ ನೂರಕ್ಕೆ 2.7 ಮಂದಿಗೆ, 45ರಿಂದ 50ರ ನಡುವೆ ಬಿಟ್ಟವರಲ್ಲಿ ನೂರಕ್ಕೆ 9.8 ಮಂದಿಗೆ ಗಂಭೀರ ಹೆಪ್ಪುಗಟ್ಟುವಿಕೆ ಅಥವಾ ಹೃದಯ ಹಾಗೂ ರಕ್ತನಾಳದ ಕಾರಣದಿಂದ ಸಾವು ಸಂಭವಿಸಿತು. 48 ಬಂದಿದೆ, ಸಾಮಾನ್ಯ ಮಿತಿಯೊಳಗೇ ಇದೆಯಲ್ಲ ಎಂದು ನಿಲ್ಲಿಸಬಾರದು ಎಂಬುದಕ್ಕೆ ನನಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಕಡಿಮೆ ಪ್ರಮಾಣದ ಆಸ್ಪಿರಿನ್ ಇದರ ಜೊತೆಗೆ ಮುಂದುವರಿಯುತ್ತದೆ. 60 ದಾಟಿದವರಿಗೆ ಅಥವಾ ಹಿಂದೆ ಹೆಪ್ಪುಗಟ್ಟಿದ್ದವರಿಗೆ ಮಜ್ಜೆಯನ್ನು ಹತೋಟಿಗೆ ತರುವ ಹೈಡ್ರಾಕ್ಸಿಯೂರಿಯಾದಂಥ ಔಷಧಿ ಸೇರಿಸುತ್ತಾರೆ. ಬಾಯಿಹುಣ್ಣು, ಕಾಲಿನ ಹುಣ್ಣು, ರಕ್ತಕಣಗಳು ಅತಿಯಾಗಿ ಇಳಿಯುವುದು ಅದರ ತೊಂದರೆಗಳು. ತಂದೆಯವರ ವಯಸ್ಸಿಗೆ ಸದ್ಯ ಅದು ಬೇಕಾಗಲಿಕ್ಕಿಲ್ಲ.

ಈಗ ದೊಡ್ಡಮ್ಮನವರ ವಿಷಯ. ಇಎಸ್‌ಆರ್ ಪರೀಕ್ಷೆಯಲ್ಲಿ ರಕ್ತವನ್ನು ನಿಂತ ನಳಿಕೆಯಲ್ಲಿಟ್ಟು ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ಬಿಡಿ ಕಣ ನಿಧಾನವಾಗಿ ಇಳಿಯುತ್ತದೆ, ಸಾಲುಗಟ್ಟಿದ ಕಣಗಳು ಬೇಗ ಇಳಿಯುತ್ತವೆ. 135 ಎಂದರೆ ಅವರ ಪ್ಲಾಸ್ಮಾದಲ್ಲಿ ಕಣಗಳನ್ನು ಒಂದಕ್ಕೊಂದು ಅಂಟಿಸುವ ಏನೋ ಯಥೇಚ್ಛವಾಗಿದೆ ಎಂದು ಅರ್ಥ. ಇಎಸ್‌ಆರ್ ಕ್ಷಯದಲ್ಲೂ ಇತರ ಸೋಂಕುಗಳಲ್ಲೂ ಏರುತ್ತದೆ, ರಕ್ತಹೀನತೆಯೊಂದೇ ಇದ್ದರೂ ಸ್ವಲ್ಪ ಏರುತ್ತದೆ. ಮೂಗಿನ ರಕ್ತ ಮತ್ತು ಮಂಜುದೃಷ್ಟಿ ಸೇರಿದಾಗ ನಾವು ಹುಡುಕುವುದು ಇಮ್ಯುನೊಗ್ಲಾಬ್ಯುಲಿನ್ ಎಂ ಎಂಬ ಪ್ರೋಟೀನು. ಐದು ಘಟಕಗಳು ಕೂಡಿದ ಈ ದೈತ್ಯ ಅಣು ತನ್ನ ಗಾತ್ರದಿಂದಾಗಿ ಬಹುಪಾಲು ರಕ್ತನಾಳದೊಳಗೇ ಉಳಿಯುತ್ತದೆ. ವಾಲ್ಡೆನ್‌ಸ್ಟ್ರಾಮ್ ಕಾಯಿಲೆಯಲ್ಲಿ ಮಜ್ಜೆಯ ಒಂದು ಬಗೆಯ ಜೀವಕೋಶಗಳು ಇದನ್ನು ಮಿತಿಯಿಲ್ಲದೆ ಸುರಿಸುತ್ತವೆ. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲೂ ಬೇರೆ ಬಗೆಯ ಪ್ರೋಟೀನುಗಳಿಂದ ಕೆಲವೊಮ್ಮೆ ಇದೇ ಸ್ಥಿತಿ ಬರುತ್ತದೆ. ಮನೆಯಲ್ಲಿ ಯಕೃತ್ತಿನ ಪರೀಕ್ಷೆಯ ಹಳೆಯ ವರದಿಯಿದ್ದರೆ ತೆಗೆದು ನೋಡಿ: ಒಟ್ಟು ಪ್ರೋಟೀನ್ 10, ಆಲ್ಬುಮಿನ್ 3 ಎಂದಿದ್ದರೆ ಉಳಿದ 7 ಗ್ಲಾಬ್ಯುಲಿನ್. ಸಾಮಾನ್ಯವಾಗಿ ಅದು 3.5ರೊಳಗೆ ಇರಬೇಕು.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವೇ ಸೀರಮ್. ಸಾಮಾನ್ಯ ಸೀರಮ್‌ನ ಸ್ನಿಗ್ಧತೆ ನೀರಿಗಿಂತ 1.4ರಿಂದ 1.8 ಪಟ್ಟು. ಅದು 4 ದಾಟಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳುವುದು ಹೆಚ್ಚು. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ದೀಪ ಹಿಡಿದು ನೋಡಿದರೆ ಅಕ್ಷಿಪಟಲದ ಅಭಿಧಮನಿಗಳು ಊದಿ, ಅಲ್ಲಲ್ಲಿ ಹಿಂಡಿದಂತೆ ಸಪೂರವಾಗಿ, ಪಕ್ಕದಲ್ಲಿ ರಕ್ತದ ಕಲೆಗಳೊಂದಿಗೆ ಕಾಣುತ್ತವೆ. ಎಷ್ಟೋ ಬಾರಿ ಪ್ರಯೋಗಾಲಯದ ವರದಿಗಿಂತ ಮೊದಲು ನಮಗೆ ದಾರಿ ತೋರಿಸುವುದು ಈ ಐದು ನಿಮಿಷದ ಪರೀಕ್ಷೆ. ಇದೇ ಪ್ರೋಟೀನು ಪ್ಲೇಟ್‌ಲೆಟ್‌ಗಳ ಮೈಗೆ ಹೊದ್ದುಕೊಂಡು ಅವು ಕೆಲಸ ಮಾಡದಂತೆ ಮಾಡುವುದರಿಂದ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಅಂಥ ಪ್ಲೇಟ್‌ಲೆಟ್‌ಗಳ ಮೇಲೆ ಆಸ್ಪಿರಿನ್ನೂ ಸೇರಿದರೆ ರಕ್ತಸ್ರಾವ ಹೆಚ್ಚುತ್ತದೆ, ಸ್ನಿಗ್ಧತೆ ಎಳ್ಳಷ್ಟೂ ಇಳಿಯುವುದಿಲ್ಲ.

ಅವರಿಗೆ ರಕ್ತ ಹಾಕದಿರಲು ಕಾರಣವೂ ಇಲ್ಲೇ ಇದೆ. ಪ್ಲಾಸ್ಮಾ ಇಷ್ಟು ಸ್ನಿಗ್ಧವಾಗಿರುವಾಗ ಒಟ್ಟು ರಕ್ತ ಇನ್ನೂ ಹರಿಯುತ್ತಿರುವುದು ಕಣಗಳು 25 ಪಾಲು ಮಾತ್ರ ಇರುವುದರಿಂದ. ಎರಡು ಬಾಟಲಿ ರಕ್ತ ಹಾಕಿ ಅದನ್ನು 31-32ಕ್ಕೆ ಏರಿಸಿದರೆ ಕಣ್ಣಿನಲ್ಲಿ ರಕ್ತಸ್ರಾವ, ಗೊಂದಲ, ಪ್ರಜ್ಞೆ ತಪ್ಪುವುದು, ಹೃದಯ ಸೋಲುವುದು ಸಂಭವಿಸಬಹುದು. ಅಲ್ಲದೆ ಈ ಪ್ರೋಟೀನು ನೀರನ್ನು ನಾಳದೊಳಕ್ಕೆ ಎಳೆದು ಪ್ಲಾಸ್ಮಾವನ್ನು ಹಿಗ್ಗಿಸುವುದರಿಂದ, 8.2 ಎಂಬ ಸಂಖ್ಯೆ ಅವರ ನಿಜವಾದ ರಕ್ತಹೀನತೆಯನ್ನು ಹಿಗ್ಗಿಸಿ ತೋರಿಸುತ್ತಿರುತ್ತದೆ. ಬೇಕಾದ ಚಿಕಿತ್ಸೆ ನಿಮ್ಮ ತಂದೆಯವರದಕ್ಕೆ ತದ್ವಿರುದ್ಧ: ಯಂತ್ರದ ಮೂಲಕ ರಕ್ತ ಹಾಯಿಸಿ ಪ್ಲಾಸ್ಮಾ ಬೇರ್ಪಡಿಸಿ ತೆಗೆದು, ಅದರ ಜಾಗಕ್ಕೆ ಆಲ್ಬುಮಿನ್ ದ್ರಾವಣ ಕೊಟ್ಟು, ಕಣಗಳನ್ನು ಅವರಿಗೇ ಮರಳಿಸುವುದು. ಪ್ರೋಟೀನು ಅರ್ಧಕ್ಕಿಳಿದರೂ ಸ್ನಿಗ್ಧತೆ ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ, ಆದ್ದರಿಂದ ಒಂದೆರಡು ಬಾರಿಯಲ್ಲೇ ದೃಷ್ಟಿ ತಿಳಿಯಾಗುವುದುಂಟು. ಚಿಕಿತ್ಸೆಯ ಸಮಯದಲ್ಲಿ ರಕ್ತದೊತ್ತಡ ಇಳಿಯಬಹುದು, ಕ್ಯಾಲ್ಸಿಯಂ ಇಳಿದು ಬಾಯಿ ಸುತ್ತ ಜುಮುಗುಟ್ಟಬಹುದು. ಕೂಡಲೇ ಹೇಳಿದರೆ ಸರಿಪಡಿಸುತ್ತಾರೆ. ಇದು ತಾತ್ಕಾಲಿಕ ಮಾತ್ರ, ಮೂಲ ಕಾಯಿಲೆಗೆ ಔಷಧಿ ಬೇಕು. ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದು ಶುರುವಿನಲ್ಲಿ ಈ ಪ್ರೋಟೀನನ್ನು ಏರಿಸಿಬಿಡಬಹುದಾದ್ದರಿಂದ ಮಟ್ಟ ಹೆಚ್ಚಿರುವವರಿಗೆ ಮೊದಲು ಪ್ಲಾಸ್ಮಾ ತೆಗೆದೇ ಅದನ್ನು ಕೊಡುತ್ತಾರೆ. ಸ್ನಿಗ್ಧತೆ ಇಳಿದ ಮೇಲೂ ರಕ್ತ ಬೇಕೆನಿಸಿದರೆ ಆಗ ನಿಧಾನವಾಗಿ ಹಾಕುತ್ತಾರೆ.

ತಂದೆಯವರಲ್ಲಿ ಒಂದು ಕೈ ಕಾಲಿನ ಬಲ ಕುಂದುವುದು, ಮಾತು ತೊದಲುವುದು, ಕಣ್ಣು ಥಟ್ಟನೆ ಕಾಣದಾಗುವುದು, ಎದೆನೋವು, ಒಂದೇ ಕಾಲು ಊದುವುದು, ಬಿಡದ ಹೊಟ್ಟೆನೋವು ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆಯ ವರದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೀಡಿ ಬಿಡುವುದು ರೋಗನಿರ್ಣಯ ಏನೇ ಬಂದರೂ ಬೇಕು.

ರಕ್ತ ತೆಗೆಯುತ್ತಾ ಹೋದಂತೆ ಅವರ ದೇಹದ ಕಬ್ಬಿಣ ಖಾಲಿಯಾಗುತ್ತದೆ, ಸುಸ್ತು ಬರುತ್ತದೆ, ಯಾರಾದರೂ ಕಬ್ಬಿಣದ ಟಾನಿಕ್ ಕೊಡುತ್ತಾರೆ. ತಜ್ಞರು ಹೇಳದೆ ಅದನ್ನು ಕೊಡಬೇಡಿ. ಕಾದು ಕುಳಿತ ಮಜ್ಜೆ ಕೆಲವೇ ವಾರಗಳಲ್ಲಿ ಹೆಮಟೊಕ್ರಿಟ್ಟನ್ನು ಮತ್ತೆ 50ರ ಮೇಲೆ ಒಯ್ಯಬಹುದು. ಕಬ್ಬಿಣ ಕಡಿಮೆಯಾದಾಗ ಕಣಗಳು ಸಣ್ಣದಾಗಿ, ಹಿಮೋಗ್ಲೋಬಿನ್ ತೆಳುವಾಗಿ ತುಂಬಿಕೊಂಡಿರುತ್ತವೆ. ಆ ಹಂತದಲ್ಲಿ ಹಿಮೋಗ್ಲೋಬಿನ್ 13.5 ಎಂದು ನೋಡಿ ಎಲ್ಲ ಸರಿಯಾಯಿತೆಂದು ಮನೆಗೆ ಹೋದವರ ಹೆಮಟೊಕ್ರಿಟ್ ಅದೇ ವರದಿಯಲ್ಲಿ 47 ಇರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಆದ್ದರಿಂದ ಪ್ರತಿ ವರದಿಯಲ್ಲೂ ನೀವು ಹುಡುಕಬೇಕಾದ ಸಾಲು ಹಿಮೋಗ್ಲೋಬಿನ್ನಿನದಲ್ಲ, ಅದರ ಕೆಳಗೆ ಹೆಮಟೊಕ್ರಿಟ್ ಅಥವಾ ಪಿಸಿವಿ ಎಂದಿರುವ ಸಾಲು.